ಬೇಸಿಗೆಯಲ್ಲಿ ನೀರಿನ ಮಾತ್ರೆ: ಸೆಳೆತ, ನಿಶ್ಶಕ್ತಿಗೆ ಲವಣಗಳ ಏರುಪೇರು ಕಾರಣವಿರಬಹುದು

ರಕ್ತದೊತ್ತಡಕ್ಕೆ, ಕಾಲಿನ ಊತಕ್ಕೆ ಅಥವಾ ಹೃದಯದ ದೌರ್ಬಲ್ಯಕ್ಕೆ ವೈದ್ಯರು ಬರೆದುಕೊಡುವ ಮೂತ್ರವರ್ಧಕಗಳನ್ನು ಜನರು ‘ನೀರಿನ ಮಾತ್ರೆ’ ಎಂದು ಕರೆಯುವುದು ವಾಡಿಕೆ. ಈ ಹೆಸರು ಅರ್ಧ ಸತ್ಯವಷ್ಟೇ. ಮಾತ್ರೆಯು ಮೊದಲು ಹೊರಹಾಕುವುದು ಉಪ್ಪನ್ನು, ಅಂದರೆ ಸೋಡಿಯಂ ಮತ್ತು ಕ್ಲೋರೈಡನ್ನು. ನೀರು ಅದನ್ನು ಹಿಂಬಾಲಿಸುತ್ತದೆ. ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್, ಫ್ಯೂರೋಸೆಮೈಡ್ ಈ ಗುಂಪಿನ ಸಾಮಾನ್ಯ ಔಷಧಗಳು.

ಇವುಗಳ ಪ್ರಭಾವದಿಂದ ಹೆಚ್ಚಿನ ಸೋಡಿಯಂ ಮೂತ್ರಪಿಂಡದ ನಾಳದ ಕೊನೆಯ ಭಾಗವನ್ನು ತಲುಪುತ್ತದೆ. ಅಲ್ಲಿ ದೇಹವು ಒಂದಿಷ್ಟು ಸೋಡಿಯಂ ಅನ್ನು ಮರಳಿ ಪಡೆದು, ಬದಲಿಗೆ ಪೊಟ್ಯಾಸಿಯಂ ಅನ್ನು ಬಿಟ್ಟುಕೊಡುತ್ತದೆ. ಈ ವಿನಿಮಯವನ್ನು ಚುರುಕುಗೊಳಿಸುವುದು ಅಲ್ಡೋಸ್ಟೆರೋನ್ ಎಂಬ ಹಾರ್ಮೋನು. ಬೇಸಿಗೆಯ ಪಾತ್ರ ಇಲ್ಲಿಯೇ ಇದೆ. ಬೆವರಿನಲ್ಲಿ ಹೋಗುವ ಪೊಟ್ಯಾಸಿಯಂ ಅಲ್ಪ. ಆದರೆ ಬೆವರಿನಿಂದ ಉಪ್ಪು, ನೀರು ಕಡಿಮೆಯಾದಾಗ ಅಲ್ಡೋಸ್ಟೆರೋನ್ ಇನ್ನಷ್ಟು ಸ್ರವಿಸುತ್ತದೆ. ಪೊಟ್ಯಾಸಿಯಂ ಮೂತ್ರದ ಮೂಲಕ ಮತ್ತಷ್ಟು ಸೋರುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಕಲಬುರಗಿಯ 64 ವರ್ಷದ, ತೆಳ್ಳನೆಯ ಮೈಕಟ್ಟಿನ ಮಹಿಳೆಯೊಬ್ಬರಿಗೆ ಏಪ್ರಿಲ್‌ನಲ್ಲಿ 25 ಮಿಲಿಗ್ರಾಂ ಹೈಡ್ರೋಕ್ಲೋರೋಥಯಜೈಡ್ ಆರಂಭವಾಗಿದೆ ಎನ್ನಿ. ಎರಡು ವಾರಗಳ ಬಳಿಕ ರಾತ್ರಿ ಮೀನಖಂಡ ಹಿಡಿದುಕೊಳ್ಳತೊಡಗುತ್ತದೆ. ನಂತರ ನೆಲದಿಂದ ಏಳಲು ಗೋಡೆ ಹಿಡಿಯಬೇಕಾಗುತ್ತದೆ. ಸೆಖೆಯ ಆಯಾಸವೆಂದು ಭಾವಿಸಿ ಮನೆಯವರು ದಿನಕ್ಕೆ ನಾಲ್ಕು ಲೀಟರ್ ಬರೀ ನೀರು ಕುಡಿಸುತ್ತಾರೆ. ನಾಲ್ಕನೆಯ ದಿನ ವಾಕರಿಕೆ, ತಲೆಭಾರ, ಮಾತಿನಲ್ಲಿ ಗೊಂದಲ. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ 2.7, ಸೋಡಿಯಂ 122. ಇವು ಕ್ರಮವಾಗಿ ಸುಮಾರು 3.5ರಿಂದ 5 ಹಾಗೂ 135ರಿಂದ 145ರ ನಡುವೆ ಇರಬೇಕಿತ್ತು.

ಇಲ್ಲಿ ತೊಂದರೆ ಒಂದಲ್ಲ, ಎರಡು. ಸ್ನಾಯುಗಳ ಬಲಹೀನತೆಗೆ ಮುಖ್ಯ ಕಾರಣ ಪೊಟ್ಯಾಸಿಯಂ ಕೊರತೆ. ಗೊಂದಲಕ್ಕೆ ಸೋಡಿಯಂ ಕುಸಿತ. ಥಯಜೈಡ್ ಗುಂಪಿನ ಮಾತ್ರೆ ಸೇವಿಸುವವರ ಮೂತ್ರಪಿಂಡ ಹೆಚ್ಚುವರಿ ನೀರನ್ನು ಸಲೀಸಾಗಿ ಹೊರಹಾಕಲಾರದು. ಉಪ್ಪು ಕಳೆದುಕೊಂಡ ದೇಹಕ್ಕೆ ಬರೀ ನೀರು ತುಂಬಿದಷ್ಟೂ ರಕ್ತದ ಸೋಡಿಯಂ ತೆಳುವಾಗುತ್ತದೆ. ವಯಸ್ಸಾದ, ಕಡಿಮೆ ತೂಕದ ಮಹಿಳೆಯರಲ್ಲಿ ಈ ಅಪಾಯ ಹೆಚ್ಚು.

ಬಿಸಿಲಿನಲ್ಲಿ ದುಡಿದವರ ಸಾಮಾನ್ಯ ಸೆಳೆತ ವಿಶ್ರಾಂತಿ ಮತ್ತು ಉಪ್ಪು ಬೆರೆಸಿದ ಪಾನೀಯದಿಂದ ಶಮನವಾಗುತ್ತದೆ. ಎರಡೂ ತೊಡೆಗಳು ಸೋತು ಮೆಟ್ಟಿಲು ಹತ್ತಲಾಗದಿರುವುದು, ಜೊತೆಗೆ ಮಲಬದ್ಧತೆ, ಎದೆಬಡಿತದ ಏರುಪೇರು ಪೊಟ್ಯಾಸಿಯಂ ಕಡೆಗೆ ಬೆರಳು ತೋರುತ್ತವೆ. ಆದರೆ ಖಚಿತಪಡಿಸುವುದು ರಕ್ತಪರೀಕ್ಷೆ ಮಾತ್ರ. ಗೊಂದಲ, ಫಿಟ್ಸ್, ಪ್ರಜ್ಞೆ ತಪ್ಪುವುದು ಅಥವಾ ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಇಂತಹ ರೋಗಿಯನ್ನು ಆಸ್ಪತ್ರೆಗೆ ದಾಖಲಿಸಿ, ಥಯಜೈಡ್ ನಿಲ್ಲಿಸಿ, ಇಸಿಜಿ ಮಾಡುತ್ತಾರೆ. ಮೆಗ್ನೀಸಿಯಂ ಪ್ರಮಾಣವನ್ನೂ ನೋಡುತ್ತಾರೆ. ಅದು ಕಡಿಮೆಯಿದ್ದರೆ ಎಷ್ಟು ಪೊಟ್ಯಾಸಿಯಂ ಕೊಟ್ಟರೂ ನಿಲ್ಲದು. ನುಂಗಬಲ್ಲವರಿಗೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣವನ್ನು ನೀರಿನಲ್ಲಿ ಬೆರೆಸಿ ಊಟದ ನಂತರ ಕೊಡುತ್ತಾರೆ. ಸಾಮಾನ್ಯವಾಗಿ ಸಿಗುವ ದ್ರಾವಣದ 15 ಮಿಲಿಲೀಟರ್‌ನಲ್ಲಿ 20 ಮಿಲಿ ಈಕ್ವಿವಲೆಂಟ್ ಪೊಟ್ಯಾಸಿಯಂ ಇರುತ್ತದೆ. ಸೋಡಿಯಂ ಅನ್ನು ಮಾತ್ರ ಅವಸರದಿಂದ ಏರಿಸುವಂತಿಲ್ಲ. ದಿನವೊಂದಕ್ಕೆ 8ಕ್ಕಿಂತ ಹೆಚ್ಚು ಏರದಂತೆ ಕಾಯುವುದು ರೂಢಿ. ವೇಗ ಮೀರಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಪೊಟ್ಯಾಸಿಯಂ ಕೊಟ್ಟಾಗಲೂ ಸೋಡಿಯಂ ಮೇಲೇರುವುದರಿಂದ ವೈದ್ಯರು ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುತ್ತಾರೆ.

ಎಳನೀರು ಸಾಲದೇ ಎಂಬ ಪ್ರಶ್ನೆ ಸಹಜ. ಒಂದು ಲೋಟ ಎಳನೀರಿನಲ್ಲಿ ಸುಮಾರು 12ರಿಂದ 15 ಮಿಲಿ ಈಕ್ವಿವಲೆಂಟ್ ಪೊಟ್ಯಾಸಿಯಂ ಇರಬಹುದು. ಸೋಡಿಯಂ ಅದಕ್ಕಿಂತ ಕಡಿಮೆ. ದೇಹದ ಪೊಟ್ಯಾಸಿಯಂನಲ್ಲಿ ಶೇ 98ರಷ್ಟು ಜೀವಕೋಶಗಳ ಒಳಗಿರುವುದರಿಂದ, ರಕ್ತದಲ್ಲಿ ಒಂದು ಅಂಕ ಕುಸಿಯುವ ಹೊತ್ತಿಗೆ ಒಟ್ಟು ಕೊರತೆ 200 ಮಿಲಿ ಈಕ್ವಿವಲೆಂಟ್ ಮೀರಿರಬಹುದು. ಹೀಗಾಗಿ ಎಳನೀರು ಪಾನೀಯವಾಗಿ ಸರಿ, ತೀವ್ರ ಕೊರತೆಗೆ ಔಷಧವಾಗದು.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಸ್ಪೈರೋನೋಲ್ಯಾಕ್ಟೋನ್ ಕೂಡ ನೀರಿನ ಮಾತ್ರೆಯೇ, ಆದರೆ ಅದು ಪೊಟ್ಯಾಸಿಯಂ ಅನ್ನು ಉಳಿಸಿಕೊಳ್ಳುತ್ತದೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಾಲಾಪ್ರಿಲ್ ಸೇವಿಸುವವರು ಹಾಗೂ ಮೂತ್ರಪಿಂಡದ ಕಾಯಿಲೆಯುಳ್ಳವರಲ್ಲಿಯೂ ಅದು ಹೆಚ್ಚಾಗುವ ಸಂಭವವಿದೆ. ಹೆಚ್ಚಾದ ಪೊಟ್ಯಾಸಿಯಂ ಸಹ ಸ್ನಾಯುಗಳನ್ನು ದುರ್ಬಲಗೊಳಿಸಿ ಹೃದಯವನ್ನು ನಿಲ್ಲಿಸಬಲ್ಲದು. ಇವರು ಪರೀಕ್ಷೆಯಿಲ್ಲದೆ ಪೊಟ್ಯಾಸಿಯಂ ದ್ರಾವಣ, ‘ಕಡಿಮೆ ಸೋಡಿಯಂ’ ಉಪ್ಪು ಅಥವಾ ದಿನವಿಡೀ ಎಳನೀರು ಸೇವಿಸಬಾರದು.

ಥಯಜೈಡ್ ಆರಂಭಿಸಿದ ಒಂದೆರಡು ವಾರಗಳಲ್ಲಿ ಹಾಗೂ ಪ್ರಮಾಣ ಬದಲಿಸಿದಾಗ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುವುದು ಸೂಕ್ತ. ವಾಂತಿ, ಭೇದಿ ಅಥವಾ ವಿಪರೀತ ಬೆವರು ಇರುವ ದಿನ ಮಾತ್ರೆ ಮುಂದುವರಿಸಬೇಕೇ ಎಂಬುದನ್ನು ಅಂದೇ ವೈದ್ಯರಲ್ಲಿ ಕೇಳಬೇಕು. ಹೃದಯದ ದೌರ್ಬಲ್ಯಕ್ಕಾಗಿ ಫ್ಯೂರೋಸೆಮೈಡ್ ಸೇವಿಸುವವರು ಅದನ್ನು ತಾವಾಗಿಯೇ ನಿಲ್ಲಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಅವರು ಪ್ರತಿದಿನ ಬೆಳಿಗ್ಗೆಯ ತೂಕವನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿದರೆ ಪ್ರಮಾಣ ಹೊಂದಿಸುವುದು ಸುಲಭವಾಗುತ್ತದೆ.