ಕಾರ್ಖಾನೆ ನೇಮಕಾತಿ: ಕಾಯಂ, ಗುತ್ತಿಗೆ ಮತ್ತು ತರಬೇತಿ

ಭಾರತದ ಕಾರ್ಖಾನೆಗಳಲ್ಲಿ ಒಂದೇ ಸಾಲಿನಲ್ಲಿ ನಿಂತು ಒಂದೇ ಬಗೆಯ ಕೆಲಸ ಮಾಡುವವರ ಹಕ್ಕುಗಳು ಒಂದೇ ಆಗಿರುವುದಿಲ್ಲ. ಮಾಲೀಕ ಯಾರು, ನೇಮಕ ಯಾವ ಬಗೆಯದು ಎಂಬುದರ ಮೇಲೆ ಅವು ನಿರ್ಧಾರವಾಗುತ್ತವೆ.

ಕಾಯಂ ಕಾರ್ಮಿಕ: ಪರೀಕ್ಷಾರ್ಥ ಅವಧಿ ಮುಗಿಸಿ, ಕಂಪನಿಯ ಹಾಜರಿ ಪಟ್ಟಿಯಲ್ಲೇ ಹೆಸರಿರುವವರು. ಒಂದು ವರ್ಷ ಸತತ ಸೇವೆ ಸಲ್ಲಿಸಿದವರನ್ನು ಹೆಚ್ಚುವರಿ ಎಂದು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ವೇತನ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನ ಕೊಡಬೇಕು. ದೊಡ್ಡ ಕಾರ್ಖಾನೆಗಳಲ್ಲಿ ನೋಟಿಸಿನ ಅವಧಿ ಮೂರು ತಿಂಗಳು, ಅವು ಸರ್ಕಾರದ ಅನುಮತಿಯನ್ನೂ ಪಡೆಯಬೇಕು. ಈ ಅನುಮತಿಗೆ ಮೊದಲು 100 ಕಾರ್ಮಿಕರ ಮಿತಿಯಿತ್ತು; 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು 300ಕ್ಕೆ ಏರಿಸಿತು.

ಗುತ್ತಿಗೆ ಕಾರ್ಮಿಕ: ಇವರ ಮಾಲೀಕ ಕಂಪನಿಯಲ್ಲ, ಗುತ್ತಿಗೆದಾರ. ಭವಿಷ್ಯನಿಧಿ ಮತ್ತು ಇಎಸ್‌ಐ ಇವರಿಗೂ ಅನ್ವಯಿಸುತ್ತವೆ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕಂಪನಿಯೇ ಕೊಡಬೇಕು. ಆದರೆ ಗುತ್ತಿಗೆ ಮುಗಿದರೆ ಕಂಪನಿಯಲ್ಲಿ ಕೆಲಸ ಉಳಿಯುವ ಖಾತರಿಯಿಲ್ಲ. ಗುತ್ತಿಗೆ ಪದ್ಧತಿ ನಿಷೇಧವಾದ ಮಾತ್ರಕ್ಕೆ ಕಾರ್ಮಿಕರು ತಾನಾಗಿ ಕಂಪನಿಯ ನೌಕರರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ, ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ತೀರ್ಪಿತ್ತಿತು. ಗುತ್ತಿಗೆ ಬರೀ ತೋರಿಕೆಯದು ಎಂದು ಸಾಬೀತಾದರೆ ಮಾತ್ರ ಅವರನ್ನು ಕಂಪನಿಯವರೆಂದೇ ಪರಿಗಣಿಸಬೇಕು.

ತರಬೇತಿ ಅಭ್ಯರ್ಥಿ: 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಕಲಿಯುವವನೇ ಹೊರತು ಕಾರ್ಮಿಕನಲ್ಲ. ಅವನಿಗೆ ಸಿಗುವುದು ಸಂಬಳವಲ್ಲ, ತರಬೇತಿ ಭತ್ಯೆ. ಭವಿಷ್ಯನಿಧಿ, ಗ್ರಾಚ್ಯುಟಿ ಇಲ್ಲ. ಅಪಘಾತವಾದರೆ ಪರಿಹಾರ ಉಂಟು. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಸಾಮಾನ್ಯ ನಿಯಮವಿಲ್ಲ. ಆ ಕಾಯ್ದೆಯಡಿ ನೋಂದಣಿಯಾಗದ ‘ಟ್ರೈನಿ’ಗಳ ವಿಷಯ ಗೊಂದಲದ್ದು. ಮಂಗಳೂರಿನ ಕ್ಯಾಂಪ್ಕೊ ಪ್ರಕರಣದಲ್ಲಿ, ಮಾದರಿ ಸ್ಥಾಯಿ ಆದೇಶಗಳಡಿ ತೆಗೆದುಕೊಂಡ ತರಬೇತಿ ಅಭ್ಯರ್ಥಿಗಳಿಗೆ ಭವಿಷ್ಯನಿಧಿ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಆದರೆ ಹೆಸರಿಗಷ್ಟೇ ಟ್ರೈನಿ ಎಂದು ಕರೆದು ಪೂರ್ಣ ಉತ್ಪಾದನೆಗೆ ಹಚ್ಚಿದರೆ, ನ್ಯಾಯಾಲಯ ಕೆಲಸದ ನಿಜಸ್ವರೂಪವನ್ನು ನೋಡುತ್ತದೆ.

ಒಂದು ಲೆಕ್ಕ: ಒಂದೇ ಯಂತ್ರದ ಮುಂದೆ 10 ವರ್ಷ ದುಡಿದ ಇಬ್ಬರನ್ನು ಎಣಿಸೋಣ. ಇಬ್ಬರಿಗೂ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 26,000 ರೂಪಾಯಿ. ಗ್ರಾಚ್ಯುಟಿಗೆ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸುತ್ತಾರೆ. ಕಾಯಂ ಕಾರ್ಮಿಕನಿಗೆ 1,50,000 ರೂಪಾಯಿ ಬರುತ್ತದೆ. ಇನ್ನೊಬ್ಬ ಮೂವರು ಗುತ್ತಿಗೆದಾರರ ಕೈಕೆಳಗೆ ಮೂರು, ನಾಲ್ಕು, ಮೂರು ವರ್ಷ ದುಡಿದವನು. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಒಬ್ಬ ಮಾಲೀಕನಡಿ ಐದು ವರ್ಷ ಬೇಕು. ಆದ್ದರಿಂದ, ಸೇವೆ ಒಂದೇ ಕಂಪನಿಗೆ ಸೇರಿದ್ದೆಂದು ಸಾಬೀತುಪಡಿಸದ ಹೊರತು, ಅವನ ಕೈಗೆ ಏನೂ ದಕ್ಕದಿರಬಹುದು. ಭವಿಷ್ಯನಿಧಿ ಖಾತೆ ಮಾತ್ರ ಒಂದೇ ಯುಎಎನ್ ಸಂಖ್ಯೆಯಡಿ ಮುಂದುವರಿಯುತ್ತದೆ.

ನೇಮಕಪತ್ರ, ವೇತನ ಚೀಟಿ, ಗುರುತಿನ ಚೀಟಿ: ಈ ಮೂರರಲ್ಲಿ ಯಾರ ಹೆಸರಿದೆ ಎಂಬುದನ್ನು ಕೆಲಸಕ್ಕೆ ಸೇರಿದ ದಿನವೇ ನೋಡಿ, ಪ್ರತಿಗಳನ್ನು ಜೋಪಾನವಾಗಿಡಬೇಕು. ವಿವಾದ ಬಂದಾಗ ಸೇವೆಯನ್ನು ಸಾಬೀತುಪಡಿಸಲು ನೆರವಾಗುವುದು ಇವೇ.