ಐದು ನಿಮಿಷದ ಗಡಿಯಾರ: ನಿಲ್ಲದ ಫಿಟ್ಸ್ ಮತ್ತು ಅದನ್ನು ನಿಲ್ಲಿಸಲು ಕಲಿತ ಕಥೆ

ನಾನು ಶಿರ್ತಾಡಿಯವಳು. ನಮ್ಮೂರಿಂದ ಮೂಡುಬಿದಿರೆ ದಾಟಿ ಮಂಗಳೂರಿನ ದೊಡ್ಡ ಆಸ್ಪತ್ರೆ ಮುಟ್ಟಬೇಕಾದ್ರೆ, ಟ್ರಾಫಿಕ್ ಇಲ್ಲದಿದ್ರೂ ಒಂದು ಗಂಟೆ ಬೇಕು. ಈ ಒಂದು ಗಂಟೆಯನ್ನು ನೆನಪಲ್ಲಿಡಿ. ಯಾಕಂದ್ರೆ ಇವತ್ತು ಮಾತಾಡೋ ಕಾಯಿಲೆಯ ಲೆಕ್ಕ ಇರೋದು ನಿಮಿಷಗಳಲ್ಲಿ.

ಫಿಟ್ಸ್ ಬಂದವರನ್ನು ನೀವು ನೋಡಿರಬಹುದು. ಮೈ ಸೆಟೆದುಕೊಳ್ತದೆ, ಕೈಕಾಲು ಅದುರ್ತದೆ, ಬಾಯಲ್ಲಿ ನೊರೆ ಬರ್ತದೆ. ಹೆಚ್ಚಿನ ಸಲ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ತದೆ. ನಿಲ್ಲದೇ ಹೋದ್ರೆ ಅಥವಾ ಒಂದು ನಿಂತು ಪ್ರಜ್ಞೆ ಬರುವ ಮೊದಲೇ ಇನ್ನೊಂದು ಶುರುವಾದ್ರೆ, ಅದಕ್ಕೆ ವೈದ್ಯರು ‘ಸ್ಟೇಟಸ್ ಎಪಿಲೆಪ್ಟಿಕಸ್’ ಅಂತಾರೆ.

ಈ ಸ್ಥಿತಿಗೆ ಮೊದಲು ಹೆಸರಿಟ್ಟವರು ರೋಗಿಗಳೇ. 1824ರಲ್ಲಿ ಪ್ಯಾರಿಸ್‌ನ ಯುವ ವೈದ್ಯ ಕಾಲ್ಮೇಯ್ ತನ್ನ ಪ್ರಬಂಧದಲ್ಲಿ ಇದನ್ನು ಬರೆದ. ಒಂದು ಸೆಳವು ಮುಗಿಯುವಷ್ಟರಲ್ಲಿ ಇನ್ನೊಂದು, ಹೀಗೆ ನಲವತ್ತು ಅರವತ್ತು ಸಲ ಬರೋದುಂಟು, ರೋಗಿಗಳು ತಮ್ಮೊಳಗೆ ಇದನ್ನು ‘ಎತಾ ದ ಮಾಲ್’ ಅಂತ ಕರೀತಾರೆ ಅಂದ. ಸಾಯುವವರು ಬಹಳ. ಆದ್ರೆ ಎಷ್ಟು ಹೊತ್ತಾದ ಮೇಲೆ ಇದು ಬರೀ ಫಿಟ್ಸ್ ಅಲ್ಲ ಅನ್ನಬೇಕು? 1960ರ ದಶಕದಲ್ಲಿ ಹೆನ್ರಿ ಗಾಸ್ಟೊ ಮತ್ತು ಸಂಗಡಿಗರು ವ್ಯಾಖ್ಯೆ ಬರೆದಾಗ, ‘ಸಾಕಷ್ಟು ಹೊತ್ತು’ ಅಂತಷ್ಟೇ ಹೇಳಿದ್ರು. ನಿಮಿಷದ ಲೆಕ್ಕ ಅದರಲ್ಲಿ ಇರ್ಲಿಲ್ಲ.

ಆ ಲೆಕ್ಕಕ್ಕೆ ದಾರಿ ಮಾಡಿದ್ದು 1973ರಲ್ಲಿ ಬ್ರಿಟನ್ನಿನ ಬ್ರಯಾನ್ ಮೆಲ್ಡ್ರಮ್ ಮತ್ತು ಸಹೋದ್ಯೋಗಿಗಳು ಬಬೂನ್ ಮಂಗಗಳ ಮೇಲೆ ಮಾಡಿದ ಪ್ರಯೋಗಗಳು. ಔಷಧಿ ಕೊಟ್ಟು ಫಿಟ್ಸ್ ಬರಿಸಿ, ದೇಹದಲ್ಲಿ ಏನಾಗ್ತದೆ ಅಂತ ಅಳೆದ್ರು. ಮೊದಲ ಸುಮಾರು ಅರ್ಧ ಗಂಟೆ ದೇಹ ಹೋರಾಡ್ತದೆ. ರಕ್ತದೊತ್ತಡ ಏರ್ತದೆ, ಮೆದುಳಿಗೆ ಹೆಚ್ಚು ರಕ್ತ ಹೋಗ್ತದೆ. ಆಮೇಲೆ ಅದು ಸೋಲ್ತದೆ. ರಕ್ತದೊತ್ತಡ ಇಳೀತದೆ, ಜ್ವರ ಏರ್ತದೆ, ಸಕ್ಕರೆ ಕುಸೀತದೆ. ಕೊನೆಗೆ ನೋಡಿದ್ರೆ ಮೆದುಳಿನ ಜೀವಕೋಶಗಳು ಸತ್ತಿದ್ದವು, ಅದರಲ್ಲೂ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಅನ್ನೋ ಭಾಗದಲ್ಲಿ.

ಇಲ್ಲಿ ಒಂದು ಸಂಶಯ ಬರಬೇಕು. ಕೋಶ ಸತ್ತದ್ದು ಉಸಿರು, ರಕ್ತ ಕಡಿಮೆಯಾಗಿ ಇರಬಹುದಲ್ಲ? ಅದಕ್ಕೆ ಅವರು ಇನ್ನು ಕೆಲವು ಬಬೂನ್‌ಗಳ ಸ್ನಾಯುಗಳನ್ನು ಔಷಧಿಯಿಂದ ನಿಶ್ಚಲ ಮಾಡಿ, ಯಂತ್ರದಿಂದ ಉಸಿರಾಡಿಸಿದ್ರು. ಮೈ ಅದುರಲೇ ಇಲ್ಲ, ಆಮ್ಲಜನಕವೂ ಸಿಕ್ತಿತ್ತು. ಮೆದುಳಿನೊಳಗೆ ಮಾತ್ರ ಗಂಟೆಗಟ್ಟಲೆ ಫಿಟ್ಸ್ ನಡೀತಾ ಇತ್ತು. ಹಾನಿ ಸ್ವಲ್ಪ ಕಡಿಮೆ ಆಯ್ತು, ಆದ್ರೆ ಹಿಪೊಕ್ಯಾಂಪಸ್‌ನಲ್ಲಿ ಕೋಶಗಳು ಆಗಲೂ ಸತ್ತವು. ಅಂದ್ರೆ ಮೈ ಅದುರೋದು ಮಾತ್ರ ಅಪಾಯ ಅಲ್ಲ, ನಿಲ್ಲದ ವಿದ್ಯುತ್ತೇ ಮೆದುಳನ್ನು ಸುಡ್ತದೆ. ನರಕೋಶಗಳು ಗ್ಲುಟಮೇಟ್ ಅನ್ನೋ ರಾಸಾಯನಿಕವನ್ನು ಸುರೀತಾ ಹೋಗ್ತವೆ, ಅದರಿಂದ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಹೆಚ್ಚಾದ ಕ್ಯಾಲ್ಸಿಯಂ ಕೋಶವನ್ನೇ ಒಳಗಿಂದ ಒಡೀತದೆ.

ಹಾಗಾಗಿ ಮೂವತ್ತು ನಿಮಿಷ ಅನ್ನೋದು ಗಡಿಯಾಯ್ತು. ಆದ್ರೆ ಅದು ಹಾನಿ ಶುರುವಾಗುವ ಗಡಿ. ಅಷ್ಟು ಹೊತ್ತು ಕಾಯೋದು ಅಂದ್ರೆ ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. 1999ರಲ್ಲಿ ಅಮೆರಿಕದ ಡೇನಿಯಲ್ ಲೊವೆನ್‌ಸ್ಟೈನ್ ಮತ್ತಿತರರು ಐದು ನಿಮಿಷ ಸಾಕು ಅಂದ್ರು. ಯಾಕೆ ಐದು? ತಾನಾಗಿ ನಿಲ್ಲುವ ಫಿಟ್ಸ್ ಹೆಚ್ಚಾಗಿ ಅಷ್ಟರೊಳಗೇ ನಿಲ್ತದೆ. ಆಮೇಲೆ ಕಾಯುವುದರಲ್ಲಿ ಅರ್ಥ ಇಲ್ಲ. 2015ರಲ್ಲಿ ಅಂತರರಾಷ್ಟ್ರೀಯ ಅಪಸ್ಮಾರ ಸಂಘ ಎರಡನ್ನೂ ಸೇರಿಸಿತು. ಮೈಯೆಲ್ಲ ಅದುರುವ ಫಿಟ್ಸ್‌ನಲ್ಲಿ ಐದು ನಿಮಿಷಕ್ಕೆ ಚಿಕಿತ್ಸೆ ಶುರು, ಮೂವತ್ತು ನಿಮಿಷ ದಾಟಿದ್ರೆ ಶಾಶ್ವತ ಹಾನಿಯ ಭಯ.

ಬೇಗ ಕೊಡಬೇಕಾದ್ದಕ್ಕೆ ಇನ್ನೊಂದು ಕಾರಣ ಉಂಟು. ಮೆದುಳಲ್ಲಿ ‘ಗಾಬಾ’ ಅನ್ನೋ ಬ್ರೇಕ್ ಇದೆ. ಡಯಾಜೆಪಾಮ್, ಲೊರಾಜೆಪಾಮ್, ಮಿಡಾಜೊಲಾಮ್ ಇವೆಲ್ಲ ಒಂದೇ ಕುಟುಂಬದ ಔಷಧಿಗಳು, ಈ ಬ್ರೇಕನ್ನು ಗಟ್ಟಿಯಾಗಿ ಒತ್ತುತ್ತವೆ. ಫಿಟ್ಸ್ ಮುಂದುವರಿದ ಹಾಗೆ ನರಕೋಶ ತನ್ನ ಮೇಲ್ಮೈಯಲ್ಲಿದ್ದ ಬ್ರೇಕುಗಳನ್ನೇ ಒಳಗೆಳೆದುಕೊಳ್ತದೆ. ಹತ್ತನೇ ನಿಮಿಷಕ್ಕೆ ಕೇಳುವ ಔಷಧಿ ಅರವತ್ತನೇ ನಿಮಿಷಕ್ಕೆ ಕೇಳದೇ ಇರೋದು ಇದಕ್ಕೇ.

ಸರಿ, ಆದ್ರೆ ಆಂಬುಲೆನ್ಸ್‌ನಲ್ಲೇ ಈ ಔಷಧಿ ಕೊಟ್ರೆ ಉಸಿರು ನಿಂತೀತು ಅನ್ನೋ ಹೆದರಿಕೆ ವೈದ್ಯರಿಗೇ ಇತ್ತು. 2001ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 205 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಆಸ್ಪತ್ರೆ ಮುಟ್ಟುವಾಗ ಫಿಟ್ಸ್ ನಿಂತಿದ್ದು ಲೊರಾಜೆಪಾಮ್ ಪಡೆದವರಲ್ಲಿ ನೂರಕ್ಕೆ 59, ಡಯಾಜೆಪಾಮ್‌ನಲ್ಲಿ 43, ಖಾಲಿ ಇಂಜೆಕ್ಷನ್ ಪಡೆದವರಲ್ಲಿ 21. ಉಸಿರಾಟ, ರಕ್ತದೊತ್ತಡದ ತೊಂದರೆ ಹೆಚ್ಚಾದದ್ದು ಔಷಧಿ ಪಡೆಯದವರಲ್ಲೇ. ಉಸಿರನ್ನು ಕೆಡಿಸುವುದರಲ್ಲಿ ಔಷಧಿಗಿಂತ ನಿಲ್ಲದ ಫಿಟ್ಸೇ ಮುಂದೆ.

2012ರಲ್ಲಿ ಇನ್ನೊಂದು ಪರೀಕ್ಷೆ. ತೊಡೆಯ ಸ್ನಾಯುವಿಗೆ ಮಿಡಾಜೊಲಾಮ್ ಚುಚ್ಚೋದು ಒಳ್ಳೆಯದಾ, ನರ ಹುಡುಕಿ ಲೊರಾಜೆಪಾಮ್ ಕೊಡೋದಾ? ನರಕ್ಕೆ ಹೋದದ್ದು ಒಳಗೆ ಹೋದ ಮೇಲೆ ಬೇಗ ಕೆಲಸ ಮಾಡ್ತದೆ. ಆದ್ರೆ ಅದುರುವ ಕೈಯಲ್ಲಿ ನರ ಹುಡುಕಲು ಸಮಯ ಹೋಗ್ತದೆ. ಸ್ನಾಯುವಿಗೆ ಕೊಟ್ಟವರಲ್ಲಿ ನೂರಕ್ಕೆ 73, ನರಕ್ಕೆ ಕೊಟ್ಟವರಲ್ಲಿ 63 ಮಂದಿಗೆ ಫಿಟ್ಸ್ ನಿಂತಿತ್ತು. ಗೆದ್ದದ್ದು ಬೇಗ ಕೊಡಲು ಆಗುವ ಔಷಧಿ.

ಈಗ ಇದನ್ನು ನಮ್ಮೂರಿಗೆ ತನ್ನಿ. 55 ಕಿಲೋ ತೂಕದ ಒಬ್ಬರಿಗೆ ರಾತ್ರಿ ಒಂಬತ್ತಕ್ಕೆ ಫಿಟ್ಸ್ ಶುರುವಾಯ್ತು ಅಂತ ಇಟ್ಕೊಳ್ಳಿ. ಮೊದಲ ಕೆಲಸ, ಮೊಬೈಲ್‌ನಲ್ಲಿ ಸಮಯ ನೋಡೋದು. ಆಮೇಲೆ ಒಂದು ಬದಿಗೆ ಮಲಗಿಸಿ, ತಲೆ ಅಡಿಗೆ ಮೆತ್ತಗಿನದ್ದು ಇಡಿ. ಬಾಯಿಗೆ ಚಮಚ ತುರುಕಬೇಡಿ, ನೀರು ಕುಡಿಸಬೇಡಿ. ಕೈಗೆ ಬೀಗದ ಕೈ ಕೊಡೋದು ಎಲ್ಲ ಕಡೆ ಉಂಟು. ಎರಡು ನಿಮಿಷದಲ್ಲಿ ತಾನಾಗಿ ನಿಂತದ್ದರ ಕೀರ್ತಿ ಆ ಕಬ್ಬಿಣಕ್ಕೆ ಸಿಕ್ಕಿದೆ, ಅಷ್ಟೆ.

ಒಂಬತ್ತು ಐದಾದ್ರೂ ನಿಲ್ಲದಿದ್ರೆ 108ಕ್ಕೆ ಫೋನ್. ವೈದ್ಯರು ಮೊದಲೇ ಮೂಗಿಗೆ ಹೊಡೆಯುವ ಮಿಡಾಜೊಲಾಮ್ ಸ್ಪ್ರೇ ಬರೆದುಕೊಟ್ಟಿದ್ರೆ, ಆಗಲೇ, ಚೀಟಿಯಲ್ಲಿ ಬರೆದಷ್ಟೂ ಕೊಡಬೇಕು. ಹೆದರಿ ಅರ್ಧ ಕೊಡೋದೇ ಇಲ್ಲಿ ಸಾಮಾನ್ಯವಾಗಿ ಆಗೋ ತಪ್ಪು, ಆಸ್ಪತ್ರೆಗಳಲ್ಲೂ. ಮೊದಲ ಸಲವೇ ಫಿಟ್ಸ್ ಬಂದವರಿಗೆ, ಬಸುರಿಗೆ, ಸಕ್ಕರೆ ಕಾಯಿಲೆಯವರಿಗೆ, ತಲೆಗೆ ಪೆಟ್ಟಾದವರಿಗೆ ಐದು ನಿಮಿಷ ಕಾಯುವ ಲೆಕ್ಕವೂ ಬೇಡ, ಕೂಡಲೇ ಫೋನ್.

ಆಸ್ಪತ್ರೆಯಲ್ಲಿ ಸಕ್ಕರೆ ನೋಡ್ತಾರೆ. ಮೊದಲ ಔಷಧಿಗೆ ನಿಲ್ಲದಿದ್ರೆ ಲೆವೆಟಿರಾಸೆಟಮ್, ಫೊಸ್‌ಫೆನಿಟೊಯಿನ್ ಅಥವಾ ವಾಲ್ಪ್ರೊಯೇಟ್. ಲೆವೆಟಿರಾಸೆಟಮ್ ಕಿಲೋಗೆ 60 ಮಿಲಿಗ್ರಾಂ, ಅಂದ್ರೆ ಇವರಿಗೆ 3,300 ಮಿಲಿಗ್ರಾಂ, ಸುಮಾರು ಹತ್ತು ನಿಮಿಷದಲ್ಲಿ ನರಕ್ಕೆ. 2019ರಲ್ಲಿ ಮೂರನ್ನೂ ಹೋಲಿಸಿದಾಗ ಮೂರೂ ಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಕೇಳಿತು. ಅದಕ್ಕೂ ಜಗ್ಗದಿದ್ರೆ ಐಸಿಯುನಲ್ಲಿ ಅರಿವಳಿಕೆ, ವೆಂಟಿಲೇಟರ್. ಅದುರುವುದು ನಿಂತು ಎಚ್ಚರ ಬಾರದಿದ್ರೆ ಇಇಜಿ ನೋಡ್ಲೇಬೇಕು. ಮೆಲ್ಡ್ರಮ್‌ನ ನಿಶ್ಚಲ ಬಬೂನ್‌ಗಳ ಹಾಗೆ, ಒಳಗೆ ಇನ್ನೂ ನಡೀತಾ ಇರಬಹುದು.

ಇಷ್ಟೆಲ್ಲ ಯಾಕೆ ಬರ್ತದೆ? ಅಪಸ್ಮಾರ ಇರುವವರಲ್ಲಿ ದೊಡ್ಡ ಕಾರಣ, ಮಾತ್ರೆ ಥಟ್ಟನೆ ಬಿಡೋದು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ತಂಡ ಯಳಂದೂರಿನ ಹಳ್ಳಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ್ರು: ಫಿನೊಬಾರ್ಬಿಟೋನ್, ಫೆನಿಟೊಯಿನ್‌ನಂಥ ಅಗ್ಗದ ಹಳೇ ಮಾತ್ರೆಗಳಿಂದಲೇ ಹಳ್ಳಿಯಲ್ಲಿ ಫಿಟ್ಸ್ ಹತೋಟಿಗೆ ತರಬಹುದು ಅಂತ. ಅದೇ ಫಿನೊಬಾರ್ಬಿಟೋನ್ ಒಮ್ಮೆಲೇ ಬಿಟ್ರೆ ನಿಲ್ಲದ ಫಿಟ್ಸ್ ತರಬಲ್ಲದು. ಫಿಟ್ಸ್ ಇಲ್ಲದ ಎರಡು ವರ್ಷ ಕಳೀತು, ಇನ್ನು ಸಾಕು ಅಂತ ಅನಿಸಿದ್ರೂ, ಬಿಡೋದು ವೈದ್ಯರು ಹೇಳಿದ ಹಾಗೆ ತಿಂಗಳುಗಟ್ಟಲೆ ನಿಧಾನವಾಗಿ.

ನಿಮ್ಮ ಮನೆಯಲ್ಲಿ ಅಪಸ್ಮಾರ ಇರುವವರಿದ್ರೆ, ಮುಂದಿನ ಸಲ ವೈದ್ಯರ ಹತ್ರ ಹೋದಾಗ ಒಂದೇ ಪ್ರಶ್ನೆ ಕೇಳಿ: ಐದು ನಿಮಿಷ ದಾಟಿದ್ರೆ ಮನೆಯಲ್ಲಿ ಏನು ಕೊಡಬೇಕು, ಎಷ್ಟು? ಉತ್ತರವನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಕಂತಿನಲ್ಲಿ ಸಿಗುವ.