ಒಡೆಯುವುದು ಸುಲಭ, ಕೂಡಿಸುವುದು ಕಷ್ಟ: ಒಂದು ಶ್ಲೋಕಪಾಠದ ಕಥೆ

ಗೋಕುಲಂ ಬಡಾವಣೆಯಲ್ಲಿ ನಿವೃತ್ತ ಜೀವನ ನಡೆಸುತ್ತಿರುವ ನನ್ನಂಥವರಿಗೆ ಬೆಳಗಿನ ವಾಯುವಿಹಾರವೇ ದಿನದ ಮೊದಲ ಪಾಠ. 2002ರಲ್ಲಿ ಕೆ. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರದಿಂದ ನಮ್ಮ ಬಡಾವಣೆಗೆ ಬಂದ ಮೇಲೆ ಇಲ್ಲಿನ ಬೀದಿಗಳಲ್ಲಿ ದೇಶದೇಶಗಳ ಜನರು ಕಾಣಿಸತೊಡಗಿದರು. ಅಲ್ಲಿ ಅಭ್ಯಾಸಕ್ಕೆ ಮೊದಲು ಗುರುಗಳು ಪ್ರಾರ್ಥನೆಯ ಒಂದು ತುಣುಕನ್ನು ಹೇಳುತ್ತಿದ್ದರು. ಸಂಸ್ಕೃತದ ಗಂಧವೇ ಇಲ್ಲದ ವಿದ್ಯಾರ್ಥಿಗಳು ಅದನ್ನು ಒಕ್ಕೊರಲಿನಿಂದ ಮರುನುಡಿಯುತ್ತಿದ್ದರು. ಜೋಯಿಸರು 1937ರಿಂದ 1973ರವರೆಗೆ ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಯೋಗವನ್ನು ಕಲಿಸಿದವರು. ಪಾಠಶಾಲೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ 'ಹೇಳು, ಹೇಳಿಸು' ಎಂಬ ಕ್ರಮವೇ ಗೋಕುಲದಲ್ಲಿ ಹೊರನಾಡಿಗರ ಬಾಯಿಗೂ ಸಿಕ್ಕಿತ್ತು. ಇದೇ ಕ್ರಮವನ್ನು ನಾನು ಒಂದು ಪುಟ್ಟ ವೀಡಿಯೋದಲ್ಲಿ ಹಿಡಿಯಲು ಹೋಗಿ ಎಡವಿದೆ. ಏಕೆ ಎಡವಿದೆ ಎಂಬುದನ್ನು ಹುಡುಕುತ್ತಾ ಹೋದಾಗ ದೊರೆತ ಸಂಗತಿಗಳನ್ನು ಓದುಗ ಮಿತ್ರರ ಮುಂದಿಡುವುದು ಈ ಬರೆಹದ ಉದ್ದೇಶ.

ಅಮೆರಿಕದಲ್ಲಿರುವ ನನ್ನ ಮಗಳು 2020ರ ಮಳೆಗಾಲದಲ್ಲಿ ಫೋನು ಮಾಡಿದಳು. "ಅಪ್ಪಾ, ಗಣೇಶನ ಹಬ್ಬದೊಳಗೆ ಮಗುವಿಗೆ ವಕ್ರತುಂಡ ಶ್ಲೋಕ ಬರಬೇಕು. ನೀವೇ ಹೇಳಿಕೊಡಿ" ಎಂದಳು. ಮೊಮ್ಮಗಳಿಗೆ ಆಗ ಆರು ವರ್ಷ. ಮೊದಲು ವೀಡಿಯೋ ಕರೆಯಲ್ಲಿಯೇ ಪಾಠ ಆರಂಭಿಸಿದೆ. ಆದರೆ ನನ್ನ ಧ್ವನಿ ಸಾಗರ ದಾಟಿ ಅವಳನ್ನು ಮುಟ್ಟಿ, ಅವಳ ಧ್ವನಿ ಹಿಂದಿರುಗುವ ಹೊತ್ತಿಗೆ ನಾನು ಮುಂದಿನ ತುಣುಕಿಗೆ ಬಾಯಿ ತೆರೆದಿರುತ್ತಿದ್ದೆ. ಇಬ್ಬರ ಮಾತೂ ಒಂದರ ಮೇಲೊಂದು ಬಿದ್ದು ಎರಡೂ ಕೇಳದಂತಾಗುತ್ತಿತ್ತು. ಅಲ್ಲಿನ ಸಂಜೆ ಇಲ್ಲಿನ ಮುಂಜಾವು ಬೇರೆ. ಆದ್ದರಿಂದ ಪಾಠವನ್ನು ವೀಡಿಯೋ ಮಾಡಿ ಕಳುಹಿಸುವುದೇ ಮೇಲೆಂದು ನಿಶ್ಚಯಿಸಿದೆ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಪಾಠ ಹೇಳಿದವನು ನಾನು. ಶ್ಲೋಕದಲ್ಲಿ ಎಂಟೆಂಟು ಅಕ್ಷರಗಳ ನಾಲ್ಕು ಪಾದಗಳು, ಒಟ್ಟು ಮೂವತ್ತೆರಡು ಅಕ್ಷರ. ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳಿ, ನಡುವೆ ಮಗು ಹೇಳಲು ಅಷ್ಟೇ ಹೊತ್ತು ಬಿಟ್ಟು, ಮೂವತ್ತೆರಡನ್ನೂ ಮುಗಿಸಿದೆ. ಕೊನೆಯಲ್ಲಿ ಇಡೀ ಶ್ಲೋಕವನ್ನು ಒಮ್ಮೆ ಹೇಳಿ ಕೈಮುಗಿದೆ. ಅತ್ಯಂತ ಶಿಸ್ತಿನ ಪಾಠವೆಂದು ನನಗೆ ಹೆಮ್ಮೆಯೇ ಆಗಿತ್ತು.

ಮಗು ಹದಿನೈದು ದಿನದಲ್ಲಿ ಕಲಿತಳು. ಹಬ್ಬದ ದಿನ ಕೆಲವು ಕುಟುಂಬಗಳು ಸೇರಿ ಕಂಪ್ಯೂಟರಿನ ಪರದೆಯಲ್ಲಿ ಮಕ್ಕಳಿಂದ ಶ್ಲೋಕ ಹೇಳಿಸಿದವು. ಅವಳು ಹೇಳಿದ್ದು ಶ್ಲೋಕದಂತಿರಲಿಲ್ಲ. ಯಾರೋ ಮೆಟ್ಟಿಲನ್ನು ಎಣಿಸುತ್ತಾ ಇಳಿದಂತಿತ್ತು. ಪ್ರತಿಯೊಂದು ಅಕ್ಷರವೂ ಸಮಾನ ಉದ್ದ, ನಡುನಡುವೆ ಸಮಾನ ಮೌನ. ಸಾಲದ್ದಕ್ಕೆ, ಎರಡನೆಯ ಪಾದಕ್ಕೆ ಮೊದಲು ನಾನು ಒಮ್ಮೆ ಗಂಟಲು ಸರಿಮಾಡಿಕೊಂಡಿದ್ದೆ. ಅದನ್ನೂ ಅವಳು ಶ್ಲೋಕದ ಭಾಗವೆಂದು ತಿಳಿದು ಯಥಾವತ್ತಾಗಿ ಕೆಮ್ಮಿದಳು. ಹಿರಿಯರೊಬ್ಬರು ನಕ್ಕರು. ಮಗು ಅಲ್ಲಿಗೇ ನಿಲ್ಲಿಸಿ ಎದ್ದುಹೋದಳು. ಮುಂದೆ ಎಷ್ಟೋ ದಿನ ಶ್ಲೋಕದ ಮಾತೆತ್ತಿದರೆ "ಬೇಡ ತಾತ" ಎನ್ನುತ್ತಿದ್ದಳು. ತಪ್ಪು ಅವಳದಲ್ಲ. ನಾನು ಹೇಳಿದ್ದನ್ನೇ ಅವಳು ಒಪ್ಪಿಸಿದ್ದಳು.

ಆ ಧ್ವನಿಮುದ್ರಣವನ್ನು ಹತ್ತಾರು ಬಾರಿ ಕೇಳಿದೆ. ಮೊದಲು ತಿಳಿದದ್ದು ಇಷ್ಟು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಪ್ರೌಢಶಾಲೆಯ ಮಕ್ಕಳಿಗೆ ವರ್ಷವರ್ಷವೂ ಪ್ರಸ್ತಾರ ಹಾಕಿಸಿದವನು ನಾನು. ಆದರೆ 'ವ' ಎಂಬ ಅಕ್ಷರವನ್ನು ಒಂಟಿಯಾಗಿ ಉಚ್ಚರಿಸಿ ನೋಡಿ. ಅದು ತಾನಾಗಿಯೇ 'ವಾ' ಆಗಿಬಿಡುತ್ತದೆ. ನನ್ನ ವೀಡಿಯೋದಲ್ಲಿ ಲಘುಗಳೆಲ್ಲ ಗುರುಗಳಾಗಿದ್ದವು. ಇದಕ್ಕೆ ವಿರುದ್ಧವಾದ ನಷ್ಟವೂ ಇತ್ತು. ಅನುಷ್ಟುಪ್ ಶ್ಲೋಕದ ಪ್ರತಿ ಪಾದದಲ್ಲಿ ಐದನೆಯ ಅಕ್ಷರ ಲಘು, ಆರನೆಯದು ಗುರು ಎಂಬುದು ಸಾಮಾನ್ಯ ನಿಯಮ. ಎರಡನೆಯ ಪಾದದ ಕೊನೆಯಲ್ಲಿ ಬರುವ 'ಸಮಪ್ರಭ' ಎಂಬ ಪದವನ್ನು ತೆಗೆದುಕೊಳ್ಳಿ. ಆರನೆಯ ಅಕ್ಷರ ಇಲ್ಲಿನ 'ಮ'. ಬರೆದಾಗ ಅದು ಹ್ರಸ್ವ. ಮುಂದೆ 'ಪ್ರ' ಎಂಬ ಒತ್ತಕ್ಷರ ಬಂದು ತಾಗುವುದರಿಂದಲೇ ಅದು ಗುರುವಾಗುತ್ತದೆ. 'ಮ' ಎಂದು ಹೇಳಿ ನಿಲ್ಲಿಸಿ, ಆಮೇಲೆ 'ಪ್ರ' ಎಂದರೆ ಆ ತಾಗುವಿಕೆಯೇ ಇಲ್ಲ. ಗುರುತ್ವಕ್ಕೆ ಕಾರಣವೇ ಹೋಯಿತು. ಅಕ್ಷರದ ತೂಕ ಅಕ್ಷರದೊಳಗೆ ಮಾತ್ರವಿಲ್ಲ, ನೆರೆಯ ಅಕ್ಷರದಲ್ಲಿಯೂ ಇದೆ. ನಾನು ನೆರೆಯನ್ನೇ ಕಡಿದುಹಾಕಿದ್ದೆ.

ಎರಡನೆಯ ತಪ್ಪು ನಮ್ಮ ಲಿಪಿಯಿಂದ ಬಂದದ್ದು. ಕನ್ನಡದಲ್ಲಿ 'ನಿರ್ವಿಘ್ನಂ' ಎಂಬುದನ್ನು ಅಕ್ಷರಗಳಾಗಿ ಬಿಡಿಸಿದರೆ ನಿ, ರ್ವಿ, ಘ್ನಂ ಎಂದಾಗುತ್ತದೆ. ಕಣ್ಣಿಗೆ ಇದು ಸರಿ. ಆದರೆ ಬಾಯಿ ಹೀಗೆ ಬಿಡಿಸುವುದಿಲ್ಲ. ಉಸಿರು ನಿಲ್ಲುವುದು ನಿರ್, ವಿಘ್, ನಂ ಎಂಬಲ್ಲಿ. 'ರ್ವಿ' ಎಂದು ಆರಂಭಿಸಲು ದೊಡ್ಡವರಿಗೂ ತಿಣುಕಾಟವೇ. ಆರು ವರ್ಷದ ಮಗು 'ರುವಿ' ಎಂದಿದ್ದಳು. 'ಘ್ನಂ' ಅವಳ ಬಾಯಲ್ಲಿ 'ಗನಂ' ಆಗಿತ್ತು. ಹೀಗೆ ಮೂರು ಅಕ್ಷರದ ಪದ ಐದಾಗಿ, ಪಾದದ ಎಂಟು ಅಕ್ಷರ ಹತ್ತಾಗಿತ್ತು. ಇಂಥ ದೋಷವನ್ನು ಪತ್ತೆಹಚ್ಚಲು ಸುಲಭದ ಉಪಾಯ ಇದೇ: ಮಗು ಹೇಳುವಾಗ ಬೆರಳು ಮಡಿಸಿ ಎಣಿಸಬೇಕು. ಎಂಟು ಬಾರದಿದ್ದರೆ ಎಲ್ಲಿಯೋ ಒತ್ತಕ್ಷರ ಒಡೆದಿದೆ ಎಂದರ್ಥ.

ಹಾಗಾದರೆ ನಮ್ಮ ಹಿಂದಿನವರು ಹೇಗೆ ಕಲಿಸುತ್ತಿದ್ದರು? ಗುರು ಹೇಳಿ ಶಿಷ್ಯ ಅನುಕರಿಸುವ ಪದ್ಧತಿಗೆ ಬಹು ಹಳೆಯ ಸಾಕ್ಷ್ಯ ಋಗ್ವೇದದ ಏಳನೆಯ ಮಂಡಲದ ಮಂಡೂಕಸೂಕ್ತದಲ್ಲಿದೆ. ಮಳೆ ಬಂದಾಗ ಒಂದು ಕಪ್ಪೆ ಇನ್ನೊಂದರ ಕೂಗನ್ನು ಮರುನುಡಿಯುವುದನ್ನು ಅಲ್ಲಿ ಋಷಿಯು ಕಲಿಸುವವನ ಮಾತನ್ನು ಕಲಿಯುವವನು ಮರುನುಡಿಯುವುದಕ್ಕೆ ಹೋಲಿಸುತ್ತಾನೆ. ವೈದಿಕರು ಈ ಪಾಠಕ್ಕೆ ಸಂಥೆ ಎನ್ನುತ್ತಾರೆ. ಗುರು ಒಮ್ಮೆ ಹೇಳಿದರೆ ಶಿಷ್ಯ ಎರಡು ಬಾರಿ ಹೇಳುವುದು ಅದರ ರೂಢಿ. ಇಲ್ಲಿ ಗಮನಿಸಬೇಕಾದದ್ದು, ಪಾಠದ ತುಣುಕು ಒಂಟಿ ಅಕ್ಷರವಲ್ಲ. ಪದ, ಪಾದ, ಅರ್ಧಶ್ಲೋಕ.

ಒಡೆದು ಕಲಿಸುವುದೂ ಅವರಿಗೆ ಗೊತ್ತಿತ್ತು. ಸಂಹಿತೆಯನ್ನು ಪದಪದವಾಗಿ ಬಿಡಿಸಿದ ಪದಪಾಠ ಶಾಕಲ್ಯರ ಹೆಸರಿನಲ್ಲಿದೆ. ಆದರೆ ಒಡೆದು ಅಲ್ಲಿಗೇ ಬಿಡಲಿಲ್ಲ. ಅದರ ಬೆನ್ನಿಗೇ ಕ್ರಮಪಾಠ ಬಂದಿತು: ಮೊದಲನೆಯ ಪದದೊಡನೆ ಎರಡನೆಯದು, ಎರಡನೆಯದರೊಡನೆ ಮೂರನೆಯದು, ಮೂರನೆಯದರೊಡನೆ ನಾಲ್ಕನೆಯದು. ಪ್ರತಿಯೊಂದು ಪದವೂ ಒಮ್ಮೆ ಹಿಂದಿನದರ ಕೈ ಹಿಡಿಯುತ್ತದೆ, ಇನ್ನೊಮ್ಮೆ ಮುಂದಿನದರ ಕೈ ಹಿಡಿಯುತ್ತದೆ. ಪಠ್ಯವು ಕೆಡದಂತೆ ಕಾಯಲು ಕಂಡುಕೊಂಡ ಈ ಉಪಾಯದಲ್ಲಿ ನನಗೆ ಬೇಕಾಗಿದ್ದ ಉತ್ತರವಿತ್ತು. ಬಿಡಿಸಿದ ಪ್ರತಿ ಗಂಟನ್ನೂ ಮತ್ತೆ ಹಾಕಿ ತೋರಿಸದೆ ಪಾಠ ಮುಗಿಯುವುದಿಲ್ಲ.

ಎರಡನೆಯ ವೀಡಿಯೋವನ್ನು ಈ ಕ್ರಮದಲ್ಲಿ ಮಾಡಿದೆ. ಮೊದಲಿಗೆ ಇಡೀ ಶ್ಲೋಕವನ್ನು ಸಹಜ ಲಯದಲ್ಲಿ ಎರಡು ಬಾರಿ ಹೇಳಿದೆ. ಮಗು ಸುಮ್ಮನೆ ಕೇಳಬೇಕು. ಬಳಿಕ ಒಂದೇ ಪಾದ. ತೊಡಕಿನ ಪದವನ್ನು ಮಾತ್ರ ಉಸಿರು ನಿಲ್ಲುವಲ್ಲಿ ಬಿಡಿಸಿ, ನಿರ್ ಮತ್ತು ವಿಘ್ ಎರಡನ್ನೂ ಕೂಡಿಸಿ, ಅನಂತರ ವಿಘ್ ಮತ್ತು ನಂ ಕೂಡಿಸಿ, ಕಡೆಗೆ ಇಡೀ ಪದ, ಇಡೀ ಪಾದ. ಒಂದು ಪಾದ ಹೇಳಲು ನನಗೆ ಮೂರು ಸೆಕೆಂಡು ಹಿಡಿದರೆ ಮಗುವಿಗೆ ಐದು ಸೆಕೆಂಡು ಬಿಟ್ಟೆ. ಮೊದಲ ವೀಡಿಯೋದಲ್ಲಿ ನನ್ನಷ್ಟೇ ಹೊತ್ತು ಬಿಟ್ಟಿದ್ದರಿಂದ, ಅವಳು ನೆನಪಿಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ನನ್ನ ಮುಂದಿನ ಅಕ್ಷರ ಅವಳನ್ನು ತುಳಿದುಬಿಡುತ್ತಿತ್ತು. ಆ ಬಿಡುವಿನಲ್ಲಿ ತುಟಿ ಅಲುಗಿಸದೆ, ಕಿವಿಯ ಹಿಂದೆ ಕೈಯಿಟ್ಟು ಕುಳಿತೆ. ಗಂಟಲನ್ನು ಮೊದಲೇ ಸರಿಮಾಡಿಕೊಂಡಿದ್ದೆನೆಂದು ಬೇರೆ ಹೇಳಬೇಕಾಗಿಲ್ಲ.

ಒಟ್ಟಿಗೆ ಹಾಡುವುದೂ ಮರುನುಡಿಯುವುದೂ ಒಂದೇ ಅಲ್ಲ. ಎಂ. ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತದ ಧ್ವನಿಮುದ್ರಿಕೆ 1963ರಲ್ಲಿ ಬಂದ ಮೇಲೆ ಅದನ್ನು ಕೇಳುತ್ತಾ ಗುನುಗುನಿಸಿ ಕಲಿತವರು ನಮ್ಮ ಪೀಳಿಗೆಯಲ್ಲಿ ಎಷ್ಟೋ ಮಂದಿ. ಆದರೆ ಅಲ್ಲಿ ಬಿಡುವಿಲ್ಲ. ಗಾಯಕಿಯ ಧ್ವನಿ ನಮ್ಮ ತಪ್ಪನ್ನು ಮುಚ್ಚಿಹಾಕುತ್ತದೆ. ಬಿಡುವಿನ ಮೌನದಲ್ಲಿ ಮಾತ್ರ ಮಗುವಿಗೆ ತನ್ನ ದನಿ ತನಗೆ ಕೇಳಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಕೊರತೆ ಉಳಿಯಿತು. 'ತುಂಡ' ಎಂಬುದು ಅವಳ ಬಾಯಲ್ಲಿ 'ಟುಂಡ'ಕ್ಕೆ ಹತ್ತಿರವಾಗಿತ್ತು. ಎಷ್ಟು ಸಲ ಕೇಳಿದರೂ ಹಾಗೆಯೇ. ಇದಕ್ಕೆ ಕಾರಣವನ್ನು ವರ್ಕರ್ ಮತ್ತು ಟೀಸ್ ಎಂಬ ಮನೋವಿಜ್ಞಾನಿಗಳು 1984ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುತ್ತದೆ. ಇಂಗ್ಲಿಷ್ ಮನೆಗಳ ಹಸುಗೂಸುಗಳು ಆರರಿಂದ ಎಂಟು ತಿಂಗಳಲ್ಲಿ ಹಿಂದಿಯ ತ-ಟ ಭೇದವನ್ನು ಗುರುತಿಸುತ್ತವೆ. ಹತ್ತರಿಂದ ಹನ್ನೆರಡು ತಿಂಗಳ ವೇಳೆಗೆ ಆ ಶಕ್ತಿ ಬಹುಮಟ್ಟಿಗೆ ಕುಗ್ಗಿರುತ್ತದೆ. ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳು ಎದುರಿಗೆ ಕುಳಿತು ಆಡಿಸಿದವರಿಂದ ಚೀನೀ ಭಾಷೆಯ ಧ್ವನಿಭೇದವನ್ನು ಕಲಿತವು. ಅದೇ ಪಾಠವನ್ನು ಪರದೆಯಲ್ಲಿ ನೋಡಿದವು ಕಲಿಯಲಿಲ್ಲ. ನನ್ನ ಮೊಮ್ಮಗಳು ಕೂಸಲ್ಲ, ಮನೆಯಲ್ಲಿ ಅಷ್ಟಿಷ್ಟು ಕನ್ನಡ ಕೇಳಿದವಳು. ಆದ್ದರಿಂದ ಅವಳ ವಿಷಯ ಅಷ್ಟು ಕಠಿಣವಲ್ಲ. ಆದರೂ ಪರದೆಯೊಳಗಿನ ತಾತನಿಗೆ ಕೈಯಿದೆ, ಕಿವಿಯಿಲ್ಲ. ಅವನು ಕಿವಿಯ ಹಿಂದೆ ಕೈಯಿಟ್ಟುಕೊಳ್ಳುವುದು ಅಭಿನಯ ಮಾತ್ರ. ಮಗು ತಪ್ಪು ಹೇಳಿದರೂ ತಲೆದೂಗಿ ಮುಂದೆ ಹೋಗುತ್ತಾನೆ.

ಆದ್ದರಿಂದ ಮಗಳಿಗೆ ಒಂದು ಕೆಲಸ ಹೇಳಿದೆ. "ವೀಡಿಯೋ ಹಾಕಿ ಅಡುಗೆಮನೆಗೆ ಹೋಗಬೇಡಮ್ಮಾ. ಐದು ನಿಮಿಷ ಪಕ್ಕದಲ್ಲಿ ಕೂತು ಅವಳ ನಾಲಿಗೆ ಎಲ್ಲಿ ತಾಗುತ್ತದೆ ನೋಡು. 'ತ' ಎನ್ನುವಾಗ ನಾಲಿಗೆಯ ತುದಿ ಮೇಲಿನ ಹಲ್ಲಿಗೆ ತಾಗಬೇಕು, ಹಲ್ಲಿನ ಹಿಂದಿನ ಒಸಡಿಗಲ್ಲ." ಕನ್ನಡಿಯ ಮುಂದೆ ತಾಯಿ ಮಗಳು ಕುಳಿತು ಒಂದು ವಾರದಲ್ಲಿ ಅದನ್ನು ಸರಿಪಡಿಸಿಕೊಂಡರು.

ಮುಂದಿನ ವರ್ಷದ ಹಬ್ಬಕ್ಕೆ ಅವಳು ಶ್ಲೋಕವನ್ನು ನಿಲ್ಲಿಸದೆ ಹೇಳಿದಳು. ನಾನು ಇಲ್ಲಿ ಬೆರಳು ಮಡಿಸುತ್ತಾ ಕೇಳಿದೆ. ಪ್ರತಿ ಪಾದಕ್ಕೂ ಎಂಟೇ ಬಂದವು. ಇತ್ತೀಚೆಗೆ ಅವಳು ತನ್ನ ಪುಟ್ಟ ತಮ್ಮನಿಗೆ ಅದನ್ನೇ ಕಲಿಸುವುದನ್ನು ಮಗಳು ನನಗೆ ತೋರಿಸಿದಳು. ಒಂದು ಪಾದ ಹೇಳಿ, ಕಿವಿಯ ಹಿಂದೆ ಕೈಯಿಟ್ಟು ಕಾಯುತ್ತಾಳೆ. ಅವನು ತಪ್ಪಿದರೆ ಮುಂದೆ ಹೋಗುವುದಿಲ್ಲ. ಅವನ ಗಲ್ಲ ಹಿಡಿದು, ಬಾಯಿ ತೆರೆಸಿ, ಮತ್ತೊಮ್ಮೆ ಹೇಳಿಸುತ್ತಾಳೆ.